ಎಸ್‌ಎಫ್‌ಪಿ ಬದಲಿಸಿದರೂ ಲಿಂಕ್ ಬರ್ತಿಲ್ಲ, ಯಾರಿಗಾದರೂ ಹೀಗಾಗಿತ್ತಾ?

ಜಮಖಂಡಿ ಹುಡುಗ: ನಮ್ಮ ಕಾರ್ಖಾನೆಯ ಆಫೀಸಿನಿಂದ ವೇಬ್ರಿಡ್ಜ್‌ಗೆ ಫೈಬರ್ ಇದೆ. ಸ್ವಿಚ್‌ಗೆ ಫೈಬರ್ ಸಿಕ್ಕಿಸೋ ಎಸ್‌ಎಫ್‌ಪಿ ಮಾಡ್ಯೂಲ್ ಎರಡೂ ಕಡೆ ಇದೆ, ಸಿಡಿಲಿಗೆ ವೇಬ್ರಿಡ್ಜ್ ಕಡೆಯದು ಹೋಯಿತು. ಆಫೀಸಿನದನ್ನು ತೋರಿಸಿ ಅಂಥದ್ದೇ ತಂದು ಹಾಕಿದೆ. ಎರಡೂ ಸ್ವಿಚ್‌ನಲ್ಲಿ ಲೈಟ್ ಇಲ್ಲ.

ಉದ್ಯಮಬಾಗ್ ಕಾಕಾ: ಎರಡು ಎಳೆ ಅದಲುಬದಲು ಮಾಡು ತಮ್ಮಾ, ಮುಗೀತು. ನಮ್ಮ ಫೌಂಡ್ರಿಯಲ್ಲಿ ಯಾರೋ ಪ್ಯಾಚ್ ಕಾರ್ಡ್ ಬದಲಿಸಿ ಬೆಳಕು ಕಳಿಸೋ ಟಿಎಕ್ಸ್ ಎದುರು ಟಿಎಕ್ಸೇ ಬರೋ ಹಾಗೆ ಹಾಕಿದ್ದರು. ಸ್ಪ್ಲೈಸಿಂಗ್‌ನವನು ಬಂದು ಕೇಬಲ್ ಕಟ್ ಅಂದ. 4,500 ತಗೊಂಡ, ಮೇಲೆ ಗಾಡಿ ಬಾಡಿಗೆ, ಊಟ ಬೇರೆ. ಆಮೇಲೆ ನಾನೇ ಎಲ್‌ಸಿ ಕ್ಲಿಪ್ ಬಿಚ್ಚಿ ತಿರುಗಿಸಿದೆ, ಹಸಿರು ಲೈಟ್ ಬಂತು. ಒಂದೇ ಕಡೆ ತಿರುಗಿಸಬೇಕು. ಎರಡೂ ಕಡೆ ಮಾಡಿದರೆ ಮತ್ತೆ ಅದೇ ಕಥೆ.

ಗುಮ್ಮಟ ನೆಟ್: ಕಾಕಾ, ಮಾಡ್ಯೂಲ್‌ಗೆ ಒಂದೇ ತೂತಿದ್ದರೆ ಏನು ತಿರುಗಿಸೋದು? "ಅಂಥದ್ದೇ ತಂದೆ" ಅಂದಾಗಲೇ ನನಗೆ ಅನುಮಾನ ಬಂತು. ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಒಂದೇ ಎಳೆಯಲ್ಲಿ ಕಳಿಸೋದೂ ಪಡೆಯೋದೂ ನಡೆಯೋ ಬೈಡೈ ಲಿಂಕ್ ಇತ್ತು. ಅಂಗಡಿಯವನು ಉಳಿದ ಮಾಡ್ಯೂಲ್ ನೋಡಿ ಅದರ ಅವಳಿಯನ್ನೇ ಕೊಟ್ಟ. ಎರಡೂ 1310 ನ್ಯಾನೊಮೀಟರ್ ಬೆಳಕಲ್ಲಿ ಕಳಿಸ್ತಾವೆ, ಎರಡೂ 1550ಕ್ಕೆ ಕಾಯ್ತಾವೆ. ಬೆಳಕು ಆ ತುದಿ ಮುಟ್ಟುತ್ತದೆ, ಆದರೆ ಒಳಗಿನ ಫಿಲ್ಟರ್ ಬಿಡಲ್ಲ. ಬೇಕಾಗಿದ್ದದ್ದು ಅದರ ಜೋಡಿ: ಟಿಎಕ್ಸ್ 1550, ಆರ್‌ಎಕ್ಸ್ 1310. ಎಕ್ಸ್‌ರೇ ಕೋಣೆಯವರ ಬೈಗುಳ ತಿಂದಿದ್ದು ನಾನು, ಅಂಗಡಿಯವನು ವಾಪಸ್ ತಗೊಳ್ಳಲೇ ಇಲ್ಲ. 1,900 ನೀರಿಗೆ ಹೋಯಿತು. ಸಿಸ್ಕೊ ಆದರೆ ಇದನ್ನು ನೋಡಿ:

```
show interfaces Gi1/0/25 transceiver detail
```

ನಮಗೆ ಟಿಎಕ್ಸ್ -6 dBm ಆಸುಪಾಸು, ಆರ್‌ಎಕ್ಸ್ -40, ಅಂದರೆ ಬೆಳಕು ಸಿಕ್ಕೇ ಇಲ್ಲ. ಎರಡೂ ತುದಿಯಲ್ಲಿ ಹಾಗೇ.

ಉದ್ಯಮಬಾಗ್ ಕಾಕಾ: ಎಳೆ ಉಲ್ಟಾ ಇದ್ದರೂ -40 ಬರುತ್ತದೆ. ನಾನು ಹೇಳಿದ್ದು ತಪ್ಪೇನು?

ಗುಮ್ಮಟ ನೆಟ್: ತಪ್ಪಲ್ಲ ಕಾಕಾ, ಎರಡೆಳೆಯ ಮಾಡ್ಯೂಲ್‌ಗೆ. ಅದಕ್ಕೇ ಮೊದಲು ತೂತು ಎಣಿಸಿ, ಆಮೇಲೆ ಲೇಬಲ್ ಓದಿ. ಕೇಬಲ್ ಕಟ್ಟಾಗಿದ್ದರೂ -40 ಬರಬಹುದು. ಒಂದು ಕಡೆ ಮಾತ್ರ ಆರ್‌ಎಕ್ಸ್ ಬರ್ತಿದ್ದರೆ ಲೆಕ್ಕ ಬೇರೆ.

ನವನಗರ ಅಕ್ಕ: ಇಷ್ಟೆಲ್ಲ ಯಾಕೆ ರೀ, ಒರಿಜಿನಲ್ ಹಾಕಿ! ಬಾಗಲಕೋಟೆಯ ನಮ್ಮ ಕಾಲೇಜಿನಲ್ಲಿ ಅಗ್ಗದ್ದು ಹಾಕಿದ ಕೂಡಲೇ ಸ್ವಿಚ್ಚೇ ಪೋರ್ಟ್ ಬಂದ್ ಮಾಡಿ err-disabled ಅಂತ ತೋರಿಸಿತು, ಲಾಗ್‌ನಲ್ಲಿ gbic-invalid. ಆಮೇಲೆ ಕಂಪನಿಯದ್ದೇ ತರಿಸಿದೆವು, ಬಿಲ್ ನೋಡಿ ಪ್ರಿನ್ಸಿಪಾಲರು ಮುಖ ತಿರುಗಿಸಿದರು. ಇವತ್ತಿನವರೆಗೂ ಒಂದು ದಿನ ಡೌನ್ ಆಗಿಲ್ಲ.

ಗುಮ್ಮಟ ನೆಟ್: ಅಕ್ಕಾ, ಒರಿಜಿನಲ್‌ನಲ್ಲೂ ತಪ್ಪು ಜೋಡಿ ಹಾಕಿದರೆ ಕತ್ತಲೆಯೇ. ದುಡ್ಡು ಜಾಸ್ತಿ ಕೊಟ್ಟರೆ 1310 ಹೋಗಿ 1550 ಆಗುತ್ತದಾ?

ನವನಗರ ಅಕ್ಕ: ನಿಮ್ಮ ದುಡ್ಡು ನೀರಿಗೆ ಹೋಯಿತು ಅಂತ ನನ್ನ ಮೇಲೆ ಯಾಕೆ ಹಾರ್ತೀರಿ?

ಕೇಬಲ್ ಬಸು: ಸ್ಪ್ಲೈಸಿಂಗ್‌ನವರ ಮೇಲೆ ಕಾಕಾ ಸುಮ್ನೆ ಗೂಬೆ ಕೂರಿಸ್ತಾರೆ. ಅಥಣಿ ಕಡೆ ರಸ್ತೆ ಅಗೆದವರು ನಿಜವಾಗಿಯೂ ಕಡಿದಿರ್ತಾರೆ, ಬಿಸಿಲಲ್ಲಿ ಗುಂಡಿಯಲ್ಲಿ ಕೂರೋದು ನಾವು. ತುದಿಗೆ ಕಣ್ಣಿಟ್ಟು ನೋಡಬೇಡಿ ಮತ್ತೆ, ಆ ಬೆಳಕು ಕಾಣಲ್ಲ, ಕಣ್ಣಿಗೆ ಅಪಾಯ ಆಗಬಹುದು.

ಉದ್ಯಮಬಾಗ್ ಕಾಕಾ: ಕಟ್ಟಾಗದ ಕೇಬಲ್‌ಗೆ 4,500 ತಗೊಂಡವನನ್ನು ಏನನ್ನಬೇಕು ಬಸು?

ಕೇಬಲ್ ಬಸು: ಅವನನ್ನು ಕರೆಸಿದ್ದು ಯಾರು ಕಾಕಾ, ನಾನಾ?

ಜಮಖಂಡಿ ಹುಡುಗ: ಒಂದೇ ತೂತಿದೆ. ಹೊಸದರ ಮೇಲೆ ಟಿಎಕ್ಸ್ 1310 ಅಂತಿದೆ. ಆಫೀಸಿನದರ ಸ್ಟಿಕರ್ ಅಳಿಸಿಹೋಗಿದೆ, ನಮ್ಮದು ಸಿಸ್ಕೊ ಸ್ವಿಚ್ಚೂ ಅಲ್ಲ.