ಅಪ್‌ಡೇಟ್: ಒಂದೇ ಕೇರಿ ಎರಡು ಸಲ ಬಂದ ಕಥೆ

ನಾನು ಕೇಳಿದ್ದು: "ಕಾರವಾರದ ಕಡೆ ಮನೆ ಸರ್ವೆಗೆ 6 ಕೇರಿ ಆರಿಸಬೇಕು. ಒಂದು ಕೇರಿ ಎರಡು ಸಲ ಬಂದಿದೆ. ಬಿಟ್ಟು ಮುಂದಿನದು ತಗೊಳ್ಳಲಾ?"

ಬಿಡಬಾರದಿತ್ತು. ನಾನು ಆಗಲೇ ಪಕ್ಕದ ಕೇರಿಯ ಹೆಸರು ಬರೆದು ಬಿಟ್ಟಿದ್ದೆ, ಅದನ್ನು ಹೊಡೆದು ಹಾಕಿದೆ.

ಪಟ್ಟಿಯಲ್ಲಿ ಒಟ್ಟು 2400 ಮನೆ. 6ರಿಂದ ಭಾಗಿಸಿದರೆ ಅಂತರ 400. ಚೀಟಿ ಎತ್ತಿದಾಗ ಮೊದಲ ಸಂಖ್ಯೆ 137 ಬಂತು. ಆಮೇಲೆ 400 ಕೂಡಿಸುತ್ತಾ ಹೋದೆ: 537, 937, 1337, ಹೀಗೆ. ಕೇರಿಗಳ ಮನೆಗಳನ್ನು ಒಂದಾದ ಮೇಲೊಂದು ಕೂಡಿಸುತ್ತಾ ಹೋದ ಸಂಚಿತ ಮೊತ್ತದಲ್ಲಿ ಪ್ರತಿ ಸಂಖ್ಯೆ ಯಾವ ಕೇರಿಯೊಳಗೆ ಬೀಳುತ್ತದೋ ಆ ಕೇರಿ ಆಯ್ಕೆ. ಬಂದರಿನ ಹತ್ತಿರದ ದೊಡ್ಡ ಕೇರಿಯಲ್ಲಿ 620 ಮನೆ. ಸಂಚಿತ ಮೊತ್ತದಲ್ಲಿ ಅದರ ಪಾಲು 411ರಿಂದ 1030ರವರೆಗೆ. 537, 937 ಎರಡೂ ಅದರೊಳಗೇ ಬಿದ್ದವು. ಅಂತರಕ್ಕಿಂತ ದೊಡ್ಡ ಕೇರಿಗೆ ಹೀಗಾಗುವುದು ಸಹಜ, ಅಲ್ವಾ? ಸಲಕ್ಕೆ 15 ಮನೆ ಲೆಕ್ಕದಲ್ಲಿ ಅಲ್ಲಿ 30 ಮನೆ ತೆಗೆದುಕೊಂಡೆವು. ಒಂದೇ ಸಲ ಎಣಿಸಿದ್ದರೆ ಅಲ್ಲಿನ ಮೀನುಗಾರರ ಮನೆಗಳಿಗೆ ಬೇರೆಯವರಿಗಿಂತ ಕಡಿಮೆ ಅವಕಾಶ ಸಿಗುತ್ತಿತ್ತು.

ಇನ್ನೊಂದು ಪೆಟ್ಟು ಆಮೇಲೆ ಬಿತ್ತು. ಪಟ್ಟಿಯಲ್ಲಿ 80 ಮನೆ ಇದ್ದ ಸಣ್ಣ ಕೇರಿಗೆ ಹೋಗಿ ಎಣಿಸಿದರೆ 100 ಇದ್ದವು. ಹಿತ್ತಲಲ್ಲಿ ಬಾಡಿಗೆ ಕೋಣೆ ಕಟ್ಟಿದ್ದರು. ಸರ್ವೆ ಮಾಡಿದ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಲ್ಲುತ್ತದೆ ಅನ್ನುವುದೇ ಅದರ ತೂಕ. ಹಳೇ ಲೆಕ್ಕದಲ್ಲಿ ಎಲ್ಲ ಮನೆಗೂ ತೂಕ 400 ÷ 15, ಅಂದರೆ ಸುಮಾರು 26.7. ಇಲ್ಲಿ ಮಾತ್ರ (400 ÷ 80) × (100 ÷ 15), ಅಂದರೆ 33.3. ಆಯ್ಕೆ ಮುಗಿದ ಮೇಲೆ 80 ಅನ್ನು ತಿದ್ದುವ ಹಾಗಿಲ್ಲ. ತೂಕದಲ್ಲೇ ಸರಿಮಾಡಬೇಕು. ನಾನು ಎಕ್ಸೆಲ್‌ನಲ್ಲಿ ಹೊಸ ಎಣಿಕೆಗೆ ಬೇರೆ ಕಾಲಂ ಇಟ್ಟಿದ್ದೇನೆ.