ಪದಚರ್ಚೆ: ಲಿಂಕನ್ನು 'ಒತ್ತಿ' ಅನ್ನಬೇಕೋ 'ಮುಟ್ಟಿ' ಅನ್ನಬೇಕೋ? (ಇವತ್ತು ರಾತ್ರಿಯೊಳಗೆ ಬೇಕು)

ಸುಮನಾ, ಉಡುಪಿ

ಎಲ್ಲರಿಗೂ ನಮಸ್ಕಾರ. ಬ್ರಹ್ಮಾವರದಲ್ಲಿ ಒಬ್ಬರೇ ಇರುವ ದೊಡ್ಡಮ್ಮನಿಗೆ ಒಂದು ಚೀಟಿ ಬರೆದು ಕೊಡಬೇಕು. ಶನಿವಾರ ನ್ಯೂಜೆರ್ಸಿಯಲ್ಲಿ ಅವರ ಮೊಮ್ಮಗಳ ಮಗುವಿಗೆ ನಾಮಕರಣ. ಝೂಮ್‌ನಲ್ಲಿ ತೋರಿಸುತ್ತಾರೆ. ಆ್ಯಪ್ ನಾನೇ ಹಾಕಿ ಕೊಟ್ಟಿದ್ದೇನೆ, ಲಿಂಕ್ ವಾಟ್ಸ್ಆ್ಯಪ್‌ಗೆ ಬರುತ್ತದೆ. ದೊಡ್ಡಮ್ಮ ಪೇಪರನ್ನು ಒಂದು ಸಾಲೂ ಬಿಡದೆ ಓದುತ್ತಾರೆ, ಆದರೆ ಇಂಗ್ಲಿಷ್ ಬರುವುದಿಲ್ಲ. ಫೋನ್ ಕನ್ನಡದಲ್ಲಿದ್ದರೂ ಝೂಮ್‌ನ ಬಟನ್‌ಗಳು ಇಂಗ್ಲಿಷ್‌ನಲ್ಲೇ ಇವೆ.

ನಾನು ಬರೆದದ್ದು ಇಷ್ಟು: 'ಲಿಂಕ್ ಒತ್ತಿ. Join ಒತ್ತಿ. ಕಾಯಿರಿ.' ನಿನ್ನೆ ಇದನ್ನೇ ಓದಿಸಿ ಅಭ್ಯಾಸ ಮಾಡಿಸಿದೆ. ದೊಡ್ಡಮ್ಮ ಬರೆದ ಹಾಗೇ ಒತ್ತಿದರು. ಬೆರಳು ಎತ್ತಲೇ ಇಲ್ಲ. ಆ ಮೆಸೇಜಿನ ಬಣ್ಣ ಬದಲಾಗಿ, ಮೇಲೆ ಕಸದ ಬುಟ್ಟಿಯ ಚಿತ್ರ ಬಂತು. ಇನ್ನೊಂದು ಸಲ ಒತ್ತಿದ್ದರೆ ಲಿಂಕೇ ಹೋಗುತ್ತಿತ್ತು.

ಹಾಗಾಗಿ ಎರಡು ಪದ ಬೇಕು. ಬೆರಳು ತಾಗಿಸಿ ತೆಗೆಯುವುದಕ್ಕೆ ಒಂದು, ಒಳಗೆ ಬಿಡುವ ತನಕ ಹೊರಗೆ ಕಾಯುವ ಜಾಗಕ್ಕೆ ಒಂದು. ನಾಳೆ ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಪ್ರಿಂಟ್ ತೆಗೆಯಬೇಕು.

ನಾರಾಯಣ ಭಟ್, ಕುಂದಾಪುರ

'ಲಿಂಕ್' ಏಕೆ? ಕೊಂಡಿ ಎಂಬ ಅಚ್ಚಕನ್ನಡ ಪದ ಇದೆ. ಕೊಂಡಿಯನ್ನು ಒತ್ತಿರಿ. Join ಎಂಬುದಕ್ಕೆ 'ಕೂಡಿಕೊಳ್ಳಿ'. ಇದರಲ್ಲಿ ಚರ್ಚೆ ಮಾಡುವಂಥದ್ದು ಏನೂ ಇಲ್ಲ.

ಪ್ರಕಾಶ್, ಮಣಿಪಾಲ

ಸುಮನಾ ಅವರೇ, ಆ್ಯಪ್ ಬೇಕಾಗಿಯೇ ಇರಲಿಲ್ಲ. ಝೂಮ್ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ. ಇನ್ನೊಂದು, ಲಿಂಕ್ ಕೈಕೊಟ್ಟರೆ ಇರಲಿ ಅಂತ ಮೀಟಿಂಗ್ ನಂಬರು, ಪಾಸ್‌ಕೋಡ್ ಎರಡನ್ನೂ ಚೀಟಿಯಲ್ಲಿ ದೊಡ್ಡದಾಗಿ ಬರೆಯಿರಿ. ಕಾಯುವ ಜಾಗಕ್ಕೆ 'ನಿರೀಕ್ಷಣಾ ಕೊಠಡಿ' ಆಗಬಹುದು.

ರೋಹನ್, ಹಂಪನಕಟ್ಟೆ

ನನ್ನದು ಮೊಬೈಲ್ ಅಂಗಡಿ. ವಯಸ್ಸಾದವರಿಗೆ ಇದನ್ನು ಹೇಳಿಕೊಡುವುದು ನನಗೆ ದಿನಾ ಇರುವ ಕೆಲಸ.

ಭಟ್ರೇ, 'ಒತ್ತಿರಿ' ಅಂತ ಬರೆದದ್ದಕ್ಕೇ ಅಲ್ವಾ ನಿನ್ನೆ ಹಾಗಾದದ್ದು? ಕಾಲಿಂಗ್ ಬೆಲ್ ಒತ್ತಿದ ಹಾಗೆ ಒತ್ತಿ ಹಿಡಿದರೆ ವಾಟ್ಸ್ಆ್ಯಪ್ 'ಈ ಮೆಸೇಜನ್ನು ಆರಿಸಿದ್ದಾರೆ' ಅಂದುಕೊಳ್ಳುತ್ತದೆ. ನಾನು ಹೇಳುವುದು 'ಮುಟ್ಟಿ ಬಿಡಿ'. 'ಬಿಡಿ' ಅನ್ನುವುದು ಇರಲೇಬೇಕು, ಬೆರಳು ಎತ್ತಲು ಹೇಳುವುದು ಅದೇ.

ಪ್ರಕಾಶ್ ಹೇಳಿದ್ದು ಪೂರ್ತಿ ತಪ್ಪಲ್ಲ. ಬ್ರೌಸರ್ ದಾರಿ ಉಂಟು. ಆದರೆ ಎಲ್ಲ ಮೀಟಿಂಗಿಗೂ ಸಿಗುವುದಿಲ್ಲ, ಕರೆದವರ ಸೆಟ್ಟಿಂಗ್ ನೋಡಿಕೊಂಡು ಸಿಗುತ್ತದೆ. ಸಿಕ್ಕರೂ ಆ ಪುಟ ಮೊದಲು ಆ್ಯಪ್ ಹಾಕಿ ಅಂತಲೇ ಒತ್ತಾಯ ಮಾಡುತ್ತದೆ. ದೊಡ್ಡಮ್ಮನ ಫೋನಿಗೆ ಆ್ಯಪೇ ಸರಿ. ಅದರಲ್ಲಿ ಖಾತೆ ತೆರೆಯುವುದು, ಲಾಗಿನ್ ಆಗುವುದು ಯಾವುದೂ ಬೇಡ. ಇನ್ನು ಪಾಸ್‌ಕೋಡ್. ಲಿಂಕಿನ ಬಾಲದಲ್ಲಿ `?pwd=` ಅಂತ ಉಂಟಲ್ಲ, ಅದರ ಮುಂದೆ ಇರುವುದು ಪಾಸ್‌ಕೋಡಿನದ್ದೇ ಗುಪ್ತರೂಪ. ಲಿಂಕ್ ಪೂರ್ತಿ ಇದ್ದರೆ ಪಾಸ್‌ಕೋಡ್ ಕೇಳುವುದೇ ಇಲ್ಲ. ಕೇಳಿತು ಅಂದರೆ ಯಾರೋ ಕಾಪಿ ಮಾಡುವಾಗ ಬಾಲ ಕತ್ತರಿಸಿದ್ದಾರೆ ಅಂತ ಅರ್ಥ. ಚೀಟಿಯಲ್ಲಿ ನಂಬರು ಬರೆದರೆ ಅದನ್ನೂ ಎಲ್ಲಿಯೋ ಹಾಕಬೇಕು ಅಂತ ಅವರು ಹುಡುಕಲು ಶುರು ಮಾಡುತ್ತಾರೆ. ಬರೆಯಬೇಡಿ.

ನೀವು ನಾಳೆ ಅಲ್ಲಿಗೆ ಹೋದಾಗ ಮಾಡಬೇಕಾದ್ದು ಬೇರೆ. `zoom.us/test` ಅಂತ ಅವರ ವಾಟ್ಸ್ಆ್ಯಪ್‌ಗೆ ಕಳಿಸಿ, ಅವರ ಕೈಯಿಂದಲೇ ಮುಟ್ಟಿಸಿ. ಅದು ಪರೀಕ್ಷೆಗೆಂದೇ ಇರುವ ಮೀಟಿಂಗ್. ಮೈಕಿಗೆ, ಕ್ಯಾಮೆರಾಕ್ಕೆ ಅನುಮತಿ ಕೇಳುವುದು ಮೊದಲ ಸಲ ಮಾತ್ರ. ಆ ಪ್ರಶ್ನೆಗಳೆಲ್ಲ ನಿಮ್ಮ ಎದುರೇ ಬಂದು ಹೋಗಲಿ. 'ಈ ಬಾರಿ ಮಾತ್ರ' ಎಂಬ ಅರ್ಥದ್ದನ್ನು ಆರಿಸಬೇಡಿ, ಶನಿವಾರ ಮತ್ತೆ ಕೇಳುತ್ತದೆ. ಗಾಬರಿಯಲ್ಲಿ ಎರಡು ಸಲ ಬೇಡ ಅಂದರಂತೂ ಹೊಸ ಆಂಡ್ರಾಯ್ಡ್ ಮತ್ತೆ ಕೇಳುವುದೇ ಇಲ್ಲ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಝೂಮ್ ಹುಡುಕಿ ಅನುಮತಿ ಕೊಡಬೇಕು. ಅದು ಫೋನಿನಲ್ಲಿ ಹೇಳಿ ಮಾಡಿಸುವ ಕೆಲಸ ಅಲ್ಲ ಮಾರಾಯ್ರೆ.

ಹಾಗೇ ಝೂಮ್‌ನ ಸೆಟ್ಟಿಂಗ್‌ನಲ್ಲಿ Auto-connect to audio ಅಂತ ಒಂದುಂಟು. ಅದನ್ನು Wi-Fi or cellular data ಮೇಲೆ ಇಡಿ. ಇಡದಿದ್ದರೆ ಒಳಗೆ ಹೋದ ಮೇಲೂ ಆಡಿಯೋ ಹೇಗೆ ಬೇಕು ಅಂತ ಒಂದು ಪ್ರಶ್ನೆ ಬರುತ್ತದೆ. ಅದನ್ನು ಮುಟ್ಟದೆ ಬಿಟ್ಟರೆ ಚಿತ್ರ ಕಾಣುತ್ತದೆ, ಸ್ವರ ಇಲ್ಲ. 'ಎಲ್ಲ ಕಾಣ್ತದೆ, ಯಾರೂ ಮಾತಾಡುವುದಿಲ್ಲ' ಅಂತ ನನಗೆ ಬರುವ ಫೋನು ಜಾಸ್ತಿ ಇದಕ್ಕೇ.

ಶಾಲಿನಿ, ಸುರತ್ಕಲ್

ಇಷ್ಟೆಲ್ಲ ಯಾಕೆ? ನಮ್ಮ ಮಾವ ಮಗನ ಜೊತೆ ದಿನಾ ವಿಡಿಯೋದಲ್ಲಿ ಮಾತಾಡುತ್ತಾರೆ. ರಿಂಗ್ ಆಗುತ್ತದೆ, ಹಸಿರು ಬಟನ್ ಎಳೆಯುತ್ತಾರೆ, ಮುಗಿಯಿತು. ದೊಡ್ಡಮ್ಮನಿಗೂ ಹಾಗೇ ಹೇಳಿಕೊಡಿ.

ಮತ್ತೆ 'ಮುಟ್ಟಿ' ಬೇಡ. ನಮ್ಮ ಕಡೆ ಹಿರಿಯರ ಕಿವಿಗೆ ಅದು ಮಡಿ-ಮೈಲಿಗೆಯ ಮಾತು. 'ಮುಟ್ಟು' ಅಂದರೆ ಇನ್ನೊಂದು ಅರ್ಥ ಇರುವುದು ಬೇರೆ. 'ತಟ್ಟಿ' ಅನ್ನಬಹುದಲ್ಲ?

ಸುಮನಾ, ಉಡುಪಿ

ಶಾಲಿನಿ ಅಕ್ಕ, ಅದು ವಾಟ್ಸ್ಆ್ಯಪ್ ಕಾಲ್. ಅಲ್ಲಿ ಅವರು ಕರೆಯುತ್ತಾರೆ, ನಾವು ಎತ್ತುತ್ತೇವೆ. ಇಲ್ಲಿ ಫೋನ್ ರಿಂಗ್ ಆಗುವುದೇ ಇಲ್ಲ. ಹೊತ್ತು ನೋಡಿಕೊಂಡು ನಾವೇ ಹೋಗಬೇಕು. ದೊಡ್ಡಮ್ಮನಿಗೂ ಅರ್ಥವಾಗದೇ ಇದ್ದದ್ದು ಇದೇ. 'ಅವರು ಮಾಡಲಿ, ನಾನು ಎತ್ತುತ್ತೇನೆ' ಅಂತ ಕೂತಿದ್ದರು. ಚೀಟಿಯ ಮೊದಲ ಸಾಲೇ 'ಫೋನ್ ರಿಂಗ್ ಆಗುವುದಿಲ್ಲ' ಅಂತ ಹಾಕುತ್ತೇನೆ.

'ತಟ್ಟಿ' ಕೇಳಿ ಪಕ್ಕದಲ್ಲಿದ್ದ ಮಗಳು ನಕ್ಕಳು. ಅವಳು ಶಾಲೆಯಲ್ಲಿ ಹಿಂದಿ ಕಲಿಯುತ್ತಾಳೆ.

ನಾರಾಯಣ ಭಟ್, ಕುಂದಾಪುರ

ಹಿಂದಿಯಲ್ಲಿ ಏನಾದರೂ ಇರಲಿ. ರೊಟ್ಟಿ ತಟ್ಟುವವರು ನಾವು. ಅದಕ್ಕೆ ಹೆದರಿ ನಮ್ಮ ಪದ ಬಿಡುವುದೇ? ಆದರೆ ತಟ್ಟುವುದು ಅಂಗೈಯಿಂದ, ಬೆರಳ ತುದಿಯಿಂದಲ್ಲ. ಆ ಕಾರಣಕ್ಕೆ ಇಲ್ಲಿ ಹೊಂದುವುದಿಲ್ಲ. 'ತಾಗಿಸಿ' ಎನ್ನಿ. ಮಡಿಯ ಗೋಳೂ ಇಲ್ಲ.

ಕೊಂಡಿಯ ಬಗ್ಗೆ ಯಾರೂ ಉತ್ತರಿಸಿಲ್ಲ.

ರೋಹನ್, ಹಂಪನಕಟ್ಟೆ

ಉತ್ತರ: ಚೇಳಿಗೂ ಕೊಂಡಿ ಉಂಟು. 'ಕೊಂಡಿಗೆ ಬೆರಳು ತಾಗಿಸಿ' ಅಂತ ಓದಿದ ದೊಡ್ಡಮ್ಮ ಫೋನ್ ಬದಿಗಿಟ್ಟಾರು.

ನಾರಾಯಣ ಭಟ್, ಕುಂದಾಪುರ

ತಮಾಷೆ ವಾದವಲ್ಲ. ಸರದ ಕೊಂಡಿ, ಬಾಗಿಲ ಕೊಂಡಿ ಎಲ್ಲರ ಮನೆಯಲ್ಲೂ ಇದೆ. ಪತ್ರಿಕೆಯವರು, ಅಂಗಡಿಯವರು ಎಲ್ಲರೂ ಸೇರಿ ಇಂಗ್ಲಿಷನ್ನು ಒಳಗೆ ಬಿಟ್ಟುಕೊಂಡು ಈಗ ಕನ್ನಡ ಪದವೇ ವಿಚಿತ್ರ ಎನ್ನುತ್ತಿದ್ದೀರಿ.

ಶಾಲಿನಿ, ಸುರತ್ಕಲ್

ಭಟ್ರೇ, ಬಾಗಿಲಿಗೆ ಕೊಂಡಿ ಹಾಕಿ ಬೀಗ ಜಡಿದು ಕೈಯಲ್ಲಿ ಹಿಡಿದುಕೊಳ್ಳುವ 'ಚಾವಿ' ಪೋರ್ಚುಗೀಸರದ್ದು. ಸಾಂಬಾರಿಗೆ ಹಾಕುವ 'ಬಟಾಟೆ'ಯೂ ಅವರದ್ದೇ. ಕರಾವಳಿಯಲ್ಲಿ ಕೂತು ಎರವಲು ಬೇಡ ಅಂದರೆ ಅಡುಗೆಯೂ ಇಲ್ಲ, ಮನೆಗೆ ಬೀಗವೂ ಇಲ್ಲ.

ನಾರಾಯಣ ಭಟ್, ಕುಂದಾಪುರ

ಹಳೆಯ ಎರವಲು ಬೇರೆ. ಅದು ಕನ್ನಡದ ಉಚ್ಚಾರಕ್ಕೆ ಬಗ್ಗಿದೆ. 'ಲಿಂಕ್' ಬಗ್ಗಿಲ್ಲ.

ಪ್ರಕಾಶ್, ಮಣಿಪಾಲ

'ಲಿಂಕು, ಲಿಂಕಿಗೆ, ಲಿಂಕಲ್ಲಿ' ಅಂತ ದಿನಾ ಹೇಳುತ್ತೇವಲ್ಲ, ಇನ್ನೆಷ್ಟು ಬಗ್ಗಬೇಕು?

ಅದಿರಲಿ, ಕಾಯುವ ಜಾಗದ ಪದ ಏನಾಯಿತು?

ರೋಹನ್, ಹಂಪನಕಟ್ಟೆ

ಆ ಜಾಗವನ್ನೇ ತೆಗೆಸಿದರೆ ಪದವೇ ಬೇಡ. ಲಿಂಕಿನಲ್ಲಿ ಪಾಸ್‌ಕೋಡ್ ಇರುವಾಗ ಕರೆದವರು ವೇಟಿಂಗ್ ರೂಮನ್ನು ಆಫ್ ಮಾಡಬಹುದು. ಎರಡರಲ್ಲಿ ಒಂದು ಇದ್ದರೆ ಝೂಮ್‌ಗೆ ಸಾಕು. ನ್ಯೂಜೆರ್ಸಿಯವರಿಗೆ ಹೇಳಿ ನೋಡಿ.

ಸುಮನಾ, ಉಡುಪಿ

ಕೇಳಿದೆ. ಹುಡುಗನ ಕಡೆಯವರು ಒಪ್ಪಲಿಲ್ಲ. ಲಿಂಕ್ ಸುಮಾರು ಗ್ರೂಪುಗಳಿಗೆ ಹೋಗಿದೆ, ಗುರುತು ನೋಡಿಯೇ ಒಳಗೆ ಬಿಡುತ್ತಾರಂತೆ. ಹಾಗಾಗಿ ಹೆಸರು ಕೇಳುವ ಕಡೆ 'ಬ್ರಹ್ಮಾವರ ಅಜ್ಜಿ' ಅಂತ ನಾಳೆ ನಾನೇ ಹಾಕಿ ಬರುತ್ತೇನೆ. ಫೋನ್ ಕಂಪನಿಯ ಹೆಸರು ಕಾಣಿಸಿದರೆ ಯಾರು ಅಂತ ಬಿಡಬೇಕು ಅವರು?

ಶಾಲಿನಿ, ಸುರತ್ಕಲ್

ಹಾಗಾದರೆ 'ಜಗಲಿ'. ಮನೆಗೆ ಬಂದವರು ಜಗಲಿಯಲ್ಲಿ ಕೂರುತ್ತಾರೆ, ಒಳಗಿನವರು ಬನ್ನಿ ಅಂದಾಗ ಒಳಗೆ ಹೋಗುತ್ತಾರೆ. ಬ್ರಹ್ಮಾವರದ ಮನೆಯಲ್ಲಿ ಜಗಲಿ ಇದ್ದೇ ಇರುತ್ತದೆ.

ನಾರಾಯಣ ಭಟ್, ಕುಂದಾಪುರ

ಜಗಲಿ ಒಳ್ಳೆಯ ಪದ.

ಪ್ರಕಾಶ್, ಮಣಿಪಾಲ

ಫೋನ್ ಹಿಡಿದುಕೊಂಡು ನಿಜವಾದ ಜಗಲಿಗೆ ಹೋಗಿ ಕೂತರೆ? ಅಲ್ಲಿ ಸಿಗ್ನಲ್ ಇರುತ್ತದೋ ಇಲ್ಲವೋ.

ಸುಮನಾ, ಉಡುಪಿ

ಹಾಗೂ ಆಗಬಹುದು ಪ್ರಕಾಶ್. ಜಗಲಿ ಬಾಯಿಮಾತಿನಲ್ಲಿ ಹೇಳುತ್ತೇನೆ, ಚೀಟಿಯಲ್ಲಿ ಬೇಡ. ಈಗ ಹೀಗೆ ಬರೆದಿದ್ದೇನೆ:

'ಶನಿವಾರ ರಾತ್ರಿ 7.30. ಫೋನ್ ರಿಂಗ್ ಆಗುವುದಿಲ್ಲ, ನೀವೇ ಹೋಗಬೇಕು.
ವಾಟ್ಸ್ಆ್ಯಪ್‌ನಲ್ಲಿ ಸುಮನಾ ಕಳಿಸಿದ ನೀಲಿ ಅಕ್ಷರಕ್ಕೆ ಬೆರಳು ತಾಗಿಸಿ, ಬೆರಳು ತೆಗೆಯಿರಿ.
Join ಅಂತ ಕಂಡರೆ ಅದಕ್ಕೂ ಹಾಗೇ ಮಾಡಿ.
ಇಂಗ್ಲಿಷ್ ಅಕ್ಷರ ಬಂದು ನಿಂತರೆ ಏನೂ ಮಾಡಬೇಡಿ, ಅವರೇ ಒಳಗೆ ಕರೆಯುತ್ತಾರೆ.'

'ಲಿಂಕ್' ಇಲ್ಲ, 'ಕೊಂಡಿ'ಯೂ ಇಲ್ಲ. Join ಎಂಬುದನ್ನು ಕನ್ನಡ ಮಾಡಿಲ್ಲ. ಪರದೆಯ ಮೇಲೆ ಇರುವ ಆಕಾರವನ್ನೇ ಅವರು ಹುಡುಕಬೇಕಲ್ಲ, ದೊಡ್ಡದಾಗಿ ಚಿತ್ರದ ಹಾಗೆ ಪ್ರಿಂಟ್ ಹಾಕಿಸುತ್ತೇನೆ.

ರೋಹನ್, ಹಂಪನಕಟ್ಟೆ

ನೀಲಿ ಅಕ್ಷರ ಅಂದದ್ದು ಒಳ್ಳೆಯದಾಯಿತು. ಲಿಂಕನ್ನು ನೀವೇ ಕಳಿಸಿ, ಅಮೆರಿಕದಿಂದ ನೇರ ಬೇಡ. ಸೇವ್ ಮಾಡದ ನಂಬರಿನಿಂದ ಬಂದ ಲಿಂಕನ್ನು ವಾಟ್ಸ್ಆ್ಯಪ್ ಬರೀ ಅಕ್ಷರವಾಗಿ ತೋರಿಸುತ್ತದೆ. ಎಷ್ಟು ತಾಗಿಸಿದರೂ ತೆರೆಯುವುದಿಲ್ಲ. ಶನಿವಾರ ಸಂಜೆ 7ಕ್ಕೆ ಮತ್ತೊಮ್ಮೆ ಕಳಿಸಿದರೆ ಎಲ್ಲದಕ್ಕಿಂತ ಕೆಳಗೆ ಅದೇ ಇರುತ್ತದೆ, ಹುಡುಕಬೇಕಾಗಿಲ್ಲ.

7.30 ಸರಿಯಾ? ಅಲ್ಲಿ ಬೆಳಿಗ್ಗೆ 10 ಗಂಟೆ ಅಂತ ತಾನೇ? ಈಗ 7.30 ಹೌದು. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ಇಡುತ್ತಾರೆ. ಆಮೇಲೆ ಅದೇ 10 ಗಂಟೆ ನಮಗೆ 8.30 ಆಗುತ್ತದೆ. ಈ ಚೀಟಿ ಮುಂದಿನ ಕಾರ್ಯಕ್ರಮಕ್ಕೂ ಆಗುತ್ತದೆ ಅಂತ ಇಟ್ಟುಕೊಂಡರೆ ಅದು ನೆನಪಿರಲಿ. ಸ್ವಲ್ಪ ಮೊದಲೇ ಹೋದರೆ ನಷ್ಟ ಇಲ್ಲ, ಅವರು ಶುರು ಮಾಡುವ ತನಕ ಕಾಯುತ್ತದೆ.

ಇನ್ನೂ ಒಂದು ಸಾಲು ಬೇಕು. ಅವರದ್ದು ಉಚಿತ ಖಾತೆ ಆದರೆ 40 ನಿಮಿಷಕ್ಕೆ ಕಡಿಯುತ್ತದೆ. 'ನಿಂತು ಹೋದರೆ ಅದೇ ನೀಲಿ ಅಕ್ಷರಕ್ಕೆ ಮತ್ತೆ ಬೆರಳು ತಾಗಿಸಿ' ಅಂತ ಸೇರಿಸಿ. ಅವರು ಅದೇ ಮೀಟಿಂಗನ್ನು ಮತ್ತೆ ಶುರು ಮಾಡಬೇಕು, ಅದನ್ನು ಅಲ್ಲಿಗೂ ಹೇಳಿಡಿ.

ಪ್ರಕಾಶ್, ಮಣಿಪಾಲ

ಮ್ಯೂಟ್? ಒಳಗೆ ಬಿಡುವಾಗ ಎಲ್ಲರನ್ನೂ ಮ್ಯೂಟ್ ಮಾಡಿಯೇ ಬಿಡುತ್ತಾರೆ. ಅವರೇ ತೆಗೆದು ಕೊಡಲು ಆಗುವುದಿಲ್ಲ, 'ತೆಗೆಯಿರಿ' ಅಂತ ಕೇಳಬಹುದು ಅಷ್ಟೇ. ದೊಡ್ಡಮ್ಮನ ಪರದೆಯಲ್ಲಿ Unmute ಅಂತ ಬರುತ್ತದೆ. ಅದಕ್ಕೆ ಚೀಟಿಯಲ್ಲಿ ಎಂತ ಬರೆಯುವುದು?

ನಾರಾಯಣ ಭಟ್, ಕುಂದಾಪುರ

'ಮೌನ ಮುರಿಯಿರಿ.'

ಶಾಲಿನಿ, ಸುರತ್ಕಲ್

ಭಟ್ರೇ, ಅವರು ವ್ರತ ಮಾಡುವುದಲ್ಲ. 'ಸ್ವರ ಬಿಡಿ' ಅನ್ನಿ.

ನಾರಾಯಣ ಭಟ್, ಕುಂದಾಪುರ

ಸ್ವರ ಸಂಸ್ಕೃತ. 'ದನಿ' ಎನ್ನಿ.

ಸುಮನಾ, ಉಡುಪಿ

ಅದೂ ಸಂಸ್ಕೃತದ 'ಧ್ವನಿ'ಯಿಂದಲೇ ಬಂದದ್ದು ಭಟ್ರೇ. ಆ ಸಾಲನ್ನು ಖಾಲಿ ಬಿಟ್ಟು ಪ್ರಿಂಟ್ ತೆಗೆಯುತ್ತೇನೆ. ಏನಾದರೂ ಹೊಳೆದರೆ ಬೆಳಿಗ್ಗೆ 8ರೊಳಗೆ ತಿಳಿಸಿ, ಪೆನ್ನಿನಲ್ಲಿ ಬರೆಯುತ್ತೇನೆ.