ಸಹಾಯ ಬೇಕು: ಅರಬಿ ಸಹೋದ್ಯೋಗಿಗೆ ಎರಡು ಸಾಲಿನ ಹುಟ್ಟುಹಬ್ಬದ ಶುಭಾಶಯ

ದುಬೈ, ದೋಹಾ ಕಡೆ ಇರೋರು, ಅರಬಿ ಬಲ್ಲವರು ದಯವಿಟ್ಟು ಹೇಳಿ. ನಮ್ಮ ಟೀಮಿನ ಜೋರ್ಡಾನ್ ಮೂಲದ ಮೇಡಂ ಹುಟ್ಟುಹಬ್ಬ ನಾಳಿದ್ದು. ನಮಾಜು, ಉಪವಾಸ ಎಲ್ಲ ತಪ್ಪದೆ ಪಾಲಿಸುವವರು. ಎಲ್ಲರೂ ಸಹಿ ಹಾಕುವ ಕಾರ್ಡಿನಲ್ಲಿ ಅರಬಿಯಲ್ಲಿ ಎರಡೇ ಸಾಲು ಬರೀಬೇಕು.

ಅಂಗಡಿ ಕಾರ್ಡುಗಳಲ್ಲಿ 'ಈದ್ ಮೀಲಾದ್ ಸಈದ್' ಅಂತಲೇ ಇರುತ್ತೆ. ಅರಬರಲ್ಲಿ ಬಹಳ ಜನ ಇದನ್ನೇ ಹೇಳ್ತಾರೆ, ಆದರೆ ಧರ್ಮದಲ್ಲಿ ಈದ್ ಎರಡೇ, ರಂಜಾನ್ ಮತ್ತು ಬಕ್ರೀದ್, ಹುಟ್ಟಿದ ದಿನಕ್ಕೆ ಆ ಪದ ಸಲ್ಲದು ಅನ್ನೋರೂ ಇದ್ದಾರೆ. ಹಾಗಾಗಿ ಅದನ್ನು ಕೈಬಿಟ್ಟೆ. ಕೇಕು, ಮೇಣದಬತ್ತಿಯ ಚಿತ್ರವೂ ಬೇಡ, ಹೂವಿನ ಕಾರ್ಡು ತಂದಾಗಿದೆ.

ಈಗ ಬರೆದಿಟ್ಟಿರೋದು ಇದು: 'ಕುಲ್ಲ ಆಮ್ ವ ಅಂತಿ ಬಿಖೈರ್', ಅಂದರೆ ಪ್ರತಿ ವರ್ಷವೂ ನೀವು ಚೆನ್ನಾಗಿರಿ. ಹೆಂಗಸರಿಗಾದ್ದರಿಂದ 'ಅಂತ' ಅಲ್ಲ, 'ಅಂತಿ'. ಅರಬಿ ಲಿಪಿಯಲ್ಲಿ ಸ್ವರಚಿಹ್ನೆ ಹಾಕದಿದ್ದರೆ ಎರಡೂ ಒಂದೇ ಥರ ಕಾಣುತ್ತೆ, ಅಲ್ಲಿ ತೊಂದರೆಯಿಲ್ಲ. ಈದ್‌ಗೂ ಇದೇ ಮಾತು ನಡೆಯುತ್ತೆ, ಅದೂ ಗೊತ್ತು.

ಗೊಂದಲ ಎರಡನೇ ಸಾಲಿನದು. 'ಬಾರಕಲ್ಲಾಹು ಫೀ ಉಮ್ರಿಕಿ', ದೇವರು ನಿಮ್ಮ ಆಯಸ್ಸಿನಲ್ಲಿ ಬರಕತ್ತು ಕೊಡಲಿ, ಅಂತ ಸೇರಿಸೋಣ ಅಂದರೆ, ಸಹಿ ಹಾಕುವವರಲ್ಲಿ ಹೆಚ್ಚಿನವರು ಹಿಂದೂ, ಕ್ರೈಸ್ತರು. ನಮ್ಮ ಕೈಯಿಂದ ಬಂದ ಈ ದುವಾ ಅವರಿಗೆ ಸಹಜ ಅನ್ನಿಸುತ್ತೋ, ತೋರಿಕೆ ಅನ್ನಿಸುತ್ತೋ?

ಅದನ್ನು ಉಳಿಸಲಾ, ಇಲ್ಲ ಮೊದಲ ಸಾಲಿನ ಕೆಳಗೆ ಆರೋಗ್ಯ, ಯಶಸ್ಸು ಹಾರೈಸುವ ಸಾದಾ ಸಾಲು ಹಾಕಲಾ? ಸಾದಾ ಸಾಲೇ ವಾಸಿ ಅನ್ನೋದಾದರೆ, ಜೋರ್ಡಾನಿನವರು ಆಫೀಸಿನಲ್ಲಿ ಬಳಸುವ ಮಾತು ಯಾವುದು?